ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವುದು ಹೇಗೆ? ಹಾಸನದಿಂದ ಹೊರಟವರಿಗೆ ಒಂದು ದಾರಿಸೂಚಿ

ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಈಗ ಮೆಜೆಸ್ಟಿಕ್‌ ಬಸ್‌ ನಿಲ್ದಾಣದವರೆಗೆ ಕುಳಿತಿರದೆ ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೊ ಹತ್ತುವುದು ಸಾಮಾನ್ಯವಾಗಿದೆ. ಹತ್ತುವುದರಲ್ಲಿ ತೊಡಕಿಲ್ಲ. ತೊಡಕು ಎದುರಾಗುವುದು ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಿಸಬೇಕಾದ ಮೆಜೆಸ್ಟಿಕ್‌ನಲ್ಲಿ, ಅದರಲ್ಲೂ ಕೈಯಲ್ಲಿ ಚೀಲ, ಜೊತೆಯಲ್ಲಿ ವಯಸ್ಸಾದವರು ಇದ್ದಾಗ. ವೈಟ್‌ಫೀಲ್ಡ್‌ನ ಸತ್ಯ ಸಾಯಿ ಆಸ್ಪತ್ರೆಗೆ ನಮ್ಮ ಜಿಲ್ಲೆಯಿಂದ ಹೋಗುವವರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಬದಲಾವಣೆಯನ್ನು ಇಲ್ಲಿ ವಿವರಿಸಲಾಗಿದೆ.

ಹೊರಡುವ ಮುನ್ನ ಒಂದು ಚೀಟಿಯಲ್ಲಿ ಮೂರು ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು: ಬದಲಿಸುವ ನಿಲ್ದಾಣ ಮೆಜೆಸ್ಟಿಕ್‌, ಇಳಿಯುವ ನಿಲ್ದಾಣ ಶ್ರೀ ಸತ್ಯ ಸಾಯಿ ಆಸ್ಪತ್ರೆ, ಮತ್ತು ಆ ದಿಕ್ಕಿನ ಕೊನೆಯ ನಿಲ್ದಾಣ ವೈಟ್‌ಫೀಲ್ಡ್‌ (ಕಾಡುಗೋಡಿ). ಈ ಮೂರರಲ್ಲಿ ಹೆಚ್ಚಿನವರು ಬರೆದುಕೊಳ್ಳದೆ ಬಿಡುವುದು ಕೊನೆಯದನ್ನು. ಮೆಜೆಸ್ಟಿಕ್‌ನ ಒಳಗೆ ದಿಕ್ಕು ಹಿಡಿಯಲು ಬೇಕಾಗುವುದು ಮಾತ್ರ ಅದೇ. ಪ್ಲಾಟ್‌ಫಾರ್ಮ್‌ ಫಲಕಗಳು ರೈಲಿನ ದಿಕ್ಕನ್ನು ಕೊನೆಯ ನಿಲ್ದಾಣದ ಹೆಸರಿನಿಂದ ಗುರುತಿಸುತ್ತವೆಯೇ ಹೊರತು ನೀವು ಇಳಿಯುವ ಊರಿನ ಹೆಸರಿನಿಂದಲ್ಲ. ನೇರಳೆ ಮಾರ್ಗದ ಒಂದು ತುದಿ ವೈಟ್‌ಫೀಲ್ಡ್‌ (ಕಾಡುಗೋಡಿ), ಇನ್ನೊಂದು ತುದಿ ಕೆಂಗೇರಿಯ ಆಚೆಯ ಚಲ್ಲಘಟ್ಟ. ಹಸಿರು ಮಾರ್ಗದ ಒಂದು ತುದಿ ಮಾದಾವರ, ಇನ್ನೊಂದು ತುದಿ ರೇಷ್ಮೆ ಸಂಸ್ಥೆ. ಪ್ಲಾಟ್‌ಫಾರ್ಮ್‌ ಸಂಖ್ಯೆಯನ್ನು ನೆನಪಿಡುವುದಕ್ಕಿಂತ ಈ ಹೆಸರುಗಳನ್ನು ನೆನಪಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೊದಲ ಸಲ ಬಂದವರಿಗೆ ಬರಿಯ ಸಂಖ್ಯೆ ದಿಕ್ಕನ್ನು ಹೇಳುವುದಿಲ್ಲ.

ಬಸ್ಸಿನಿಂದ ಎಲ್ಲಿ ಇಳಿಯಬೇಕೆಂಬುದನ್ನು ಕಂಡಕ್ಟರ್‌ ಅವರನ್ನು ನೆಲಮಂಗಲ ದಾಟುವಾಗಲೇ ಕೇಳಿಕೊಳ್ಳಬೇಕು. ಬಸ್ಸು ನಾಗಸಂದ್ರದ ಬಳಿ ಮೇಲ್ಸೇತುವೆ ಹತ್ತಿದರೆ ದಾಸರಹಳ್ಳಿ, ಜಾಲಹಳ್ಳಿಗಳು ಕೆಳಗೇ ಉಳಿದು, ಗೊರಗುಂಟೆಪಾಳ್ಯದವರೆಗೆ ಇಳಿಯಲು ಆಗುವುದಿಲ್ಲ. ಎಲ್ಲಿ ಇಳಿದರೂ ಅಲ್ಲಿಂದ ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ಹಸಿರು ಮಾರ್ಗದ ರೈಲನ್ನೇ ಹತ್ತಬೇಕು. ಟಿಕೆಟನ್ನು ಮೊದಲ ನಿಲ್ದಾಣದಲ್ಲೇ ಶ್ರೀ ಸತ್ಯ ಸಾಯಿ ಆಸ್ಪತ್ರೆಯವರೆಗೆ ತೆಗೆದುಕೊಳ್ಳಬೇಕು. ಮೆಜೆಸ್ಟಿಕ್‌ನಲ್ಲಿ ಎರಡನೇ ಟಿಕೆಟ್‌ ಬೇಕಿಲ್ಲ, ಗೇಟ್‌ ದಾಟುವುದೂ ಬೇಕಿಲ್ಲ. ಟೋಕನ್‌ ಆಗಲಿ, ಮೊಬೈಲಿನ ಕ್ಯೂಆರ್‌ ಟಿಕೆಟ್‌ ಆಗಲಿ, ಕೊನೆಯಲ್ಲಿ ಹೊರಬರುವಾಗ ಮತ್ತೆ ತೋರಿಸಬೇಕಾದ್ದರಿಂದ ಅದನ್ನು ಒಂದೇ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮಂತ್ರಿ ಸ್ಕ್ವೇರ್‌ ಸಂಪಿಗೆ ರಸ್ತೆ ನಿಲ್ದಾಣ ಬಂದಾಗ ಎದ್ದು ಬಾಗಿಲ ಬಳಿ ನಿಲ್ಲುವುದು ಒಳ್ಳೆಯದು, ಏಕೆಂದರೆ ಮುಂದಿನದೇ ಮೆಜೆಸ್ಟಿಕ್‌. ಫಲಕಗಳಲ್ಲಿ ಮತ್ತು ಘೋಷಣೆಯಲ್ಲಿ ಅದರ ಪೂರ್ತಿ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್‌ ಎಂದಿರುವುದರಿಂದ ಮೊದಲ ಅರ್ಧ ಕೇಳಿ ಬೇರೆ ನಿಲ್ದಾಣವೆಂದು ಭಾವಿಸಬಾರದು.

ಇಳಿದ ಕೂಡಲೇ ಜನರ ಹಿಂದೆ ನಡೆದುಬಿಡುವುದೇ ಇಲ್ಲಿ ಆಗುವ ಮುಖ್ಯ ತಪ್ಪು. ಆ ಗುಂಪಿನಲ್ಲಿ ಬಸ್‌ ನಿಲ್ದಾಣಕ್ಕೆ ಹೋಗುವವರೂ ಇರುತ್ತಾರೆ, ಚಲ್ಲಘಟ್ಟದ ಕಡೆಯವರೂ ಇರುತ್ತಾರೆ. ಆದ್ದರಿಂದ ರೈಲಿನಿಂದ ಇಳಿದವರು ಬಾಗಿಲ ಎದುರಿನಿಂದ ಪಕ್ಕಕ್ಕೆ ಸರಿದು, ಕಂಬವೊಂದರ ಬಳಿ ನಿಂತು, ನೂಕುನುಗ್ಗಲು ಕರಗಿದ ಮೇಲೆ ತಲೆಯೆತ್ತಿ ಫಲಕ ನೋಡಬೇಕು. ಹಸಿರು ಮಾರ್ಗದ ಪ್ಲಾಟ್‌ಫಾರ್ಮ್‌ ಇರುವುದು ನೆಲದಡಿಯ ಕೆಳಗಿನ ಅಂತಸ್ತಿನಲ್ಲಿ; ನೇರಳೆ ಮಾರ್ಗ ಅದರ ಮೇಲಿನ ಅಂತಸ್ತಿನಲ್ಲಿ ಅಡ್ಡವಾಗಿ ಹಾದುಹೋಗುತ್ತದೆ. ಅಂದರೆ ನೀವು ಮೇಲಕ್ಕೆ ಹೋಗಬೇಕು, ಆದರೆ ಹೊರಗೆ ಹೋಗಬಾರದು. ‘ನೇರಳೆ ಮಾರ್ಗ’ ಎಂಬ ಬರಹ ಮತ್ತು ನೇರಳೆ ಬಣ್ಣ ಇರುವ ಬಾಣವನ್ನು ಹಿಡಿದು ಎಸ್ಕಲೇಟರ್‌ ಹತ್ತಬೇಕು. ‘ನಿರ್ಗಮನ’ ಎಂಬ ಬಾಣದ ಹಿಂದೆ ಹೋಗಬಾರದು. ಮುಂದೆ ಸಾಲಾಗಿ ಗೇಟುಗಳು, ಅವುಗಳಿಗೆ ಟೋಕನ್‌ ಹಾಕಿ ಹೊರಹೋಗುತ್ತಿರುವ ಜನ ಕಂಡರೆ ದಾರಿ ತಪ್ಪಿದೆ ಎಂದೇ ತಿಳಿದು, ಗೇಟ್‌ ಮುಟ್ಟದೆ ಹಿಂದಿರುಗಬೇಕು. ಅವಸರದಲ್ಲಿ ಟೋಕನ್‌ ಹಾಕಿಬಿಟ್ಟರೆ ಪ್ರಯಾಣ ಅಲ್ಲಿಗೇ ಮುಗಿದು, ಮತ್ತೆ ಹಣ ಕೊಟ್ಟು ಒಳಬರಬೇಕಾಗುತ್ತದೆ.

ಬೆಳಗಿನ ಮತ್ತು ಸಂಜೆಯ ಕಚೇರಿ ಹೊತ್ತಿನಲ್ಲಿ ಸಿಬ್ಬಂದಿ ಹಗ್ಗ ಅಥವಾ ತಡೆಗಂಬ ಇಟ್ಟು ಜನರನ್ನು ಬೇರೆ ಮೆಟ್ಟಿಲುಗಳ ಕಡೆಗೆ ತಿರುಗಿಸುವುದುಂಟು. ಹಾಗಾದಾಗ ದಾರಿ ಸ್ವಲ್ಪ ಸುತ್ತಾದರೂ ಅವರು ತೋರಿಸಿದ ಕಡೆಗೇ ನಡೆಯುವುದು ಸರಿ. ಎದುರು ಬರುವ ಜನಪ್ರವಾಹಕ್ಕೆ ವಿರುದ್ಧವಾಗಿ ಮೆಟ್ಟಿಲು ಇಳಿಯುವುದು ಅಪಾಯಕರ. ಎಸ್ಕಲೇಟರ್‌ ಹತ್ತಲು ಅಂಜುವವರು, ರೋಗಿಯನ್ನು ಕರೆದೊಯ್ಯುವವರು ಲಿಫ್ಟ್‌ ಎಲ್ಲಿದೆಯೆಂದು ಸಿಬ್ಬಂದಿಯನ್ನು ಕೇಳಬೇಕು. ಕೇಳುವಾಗ ‘ಅಣ್ಣಾ, ಮೆಟ್ರೊ ಎಲ್ಲಿ?’ ಎಂದರೆ ಉತ್ತರ ಸಿಗುವುದಿಲ್ಲ. ‘ವೈಟ್‌ಫೀಲ್ಡ್‌ ಕಡೆಗೆ ಹೋಗುವ ರೈಲಿಗೆ ಎಲ್ಲಿ ನಿಲ್ಲಬೇಕು?’ ಎಂದು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ.

ನೇರಳೆ ಮಾರ್ಗದ ಅಂತಸ್ತನ್ನು ತಲುಪಿದ ಮೇಲೆ ಎರಡನೇ ಪರೀಕ್ಷೆ. ಬಣ್ಣ ಸರಿಯಾಗಿದೆ ಎಂಬ ನೆಮ್ಮದಿಯಲ್ಲಿ ಮೊದಲು ಬಂದ ರೈಲನ್ನು ಹತ್ತಿ ಚಲ್ಲಘಟ್ಟದ ಕಡೆಗೆ ಹೋಗಿಬಿಡುವವರಿದ್ದಾರೆ. ರೈಲು ಬರುವ ಮುನ್ನವೇ ಪ್ಲಾಟ್‌ಫಾರ್ಮ್‌ನ ಪರದೆಯ ಮೇಲೆ ವೈಟ್‌ಫೀಲ್ಡ್‌ (ಕಾಡುಗೋಡಿ) ಎಂದಿದೆಯೇ ಎಂದು ನೋಡಬೇಕು. ರೈಲು ಬಂದಾಗ ಅದರ ಮುಂಭಾಗದ ಫಲಕವನ್ನೂ ನೋಡಬೇಕು. ಎರಡೂ ಒಂದೇ ಹೇಳುತ್ತಿದ್ದರೆ ಮಾತ್ರ ಹತ್ತಬೇಕು. ಕೆಲವು ರೈಲುಗಳು ವೈಟ್‌ಫೀಲ್ಡ್‌ ತನಕ ಹೋಗದೆ ನಡುದಾರಿಯಲ್ಲೇ ನಿಲ್ಲುತ್ತವೆ. ಫಲಕದಲ್ಲಿ ಗರುಡಾಚಾರ್‌ಪಾಳ್ಯ ಎಂದಿದ್ದರೆ ದಿಕ್ಕು ಸರಿಯೇ, ಆದರೆ ಅದು ಸಾಯಿ ಆಸ್ಪತ್ರೆಯನ್ನು ಮುಟ್ಟುವುದಿಲ್ಲ. ರೋಗಿ ಜೊತೆಯಲ್ಲಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಕಾಯುವುದೇ ಒಳ್ಳೆಯದು.

ಹತ್ತಿದ ಮೇಲೂ ತಪ್ಪನ್ನು ಬೇಗ ಗುರುತಿಸುವ ದಾರಿಯೊಂದಿದೆ. ಮೆಜೆಸ್ಟಿಕ್‌ ಬಿಟ್ಟ ಕೂಡಲೇ ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲೇ ಘೋಷಿಸುತ್ತಾರೆ. ಸರ್‌ ಎಂ. ವಿಶ್ವೇಶ್ವರಯ್ಯ ಎಂದು ಕೇಳಿದರೆ ನೀವು ಸರಿಯಾದ ರೈಲಿನಲ್ಲಿದ್ದೀರಿ. ಮುಂದೆ ವಿಧಾನಸೌಧ, ಕಬ್ಬನ್‌ ಪಾರ್ಕ್‌ ಬರುತ್ತವೆ. ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಎಂದು ಕೇಳಿದರೆ ವಿರುದ್ಧ ದಿಕ್ಕಿನಲ್ಲಿದ್ದೀರಿ. ಆಗ ಗಾಬರಿಯಾಗದೆ ಅಲ್ಲೇ ಇಳಿದು, ಗೇಟ್‌ ದಾಟದೆ, ವೈಟ್‌ಫೀಲ್ಡ್‌ ಕಡೆಯ ರೈಲನ್ನು ಹಿಡಿದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಮೆಜೆಸ್ಟಿಕ್‌ ದಾಟಿ ಮುಂದೆ ಹೋಗುತ್ತೀರಿ. ಒಮ್ಮೆ ಒಳಬಂದ ಮೇಲೆ ಎಷ್ಟು ಹೊತ್ತು ಇರಬಹುದೆಂಬುದಕ್ಕೆ ಮಿತಿ ಇರುವುದರಿಂದ ನಿಲ್ದಾಣದೊಳಗೆ ಊಟ ಬಿಚ್ಚಿ ಕುಳಿತುಕೊಳ್ಳಬಾರದಷ್ಟೇ. ಕುಂದಲಹಳ್ಳಿ, ನಲ್ಲೂರಹಳ್ಳಿ ಆದ ಮೇಲೆ ಬರುವುದು ಶ್ರೀ ಸತ್ಯ ಸಾಯಿ ಆಸ್ಪತ್ರೆ.

ಹಿಂದಿರುಗುವಾಗ ಎಲ್ಲವೂ ತಿರುವುಮುರುವು. ಚಲ್ಲಘಟ್ಟದ ಕಡೆಯ ರೈಲಿನಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಇಳಿದು, ಈ ಸಲ ಕೆಳಗಿನ ಅಂತಸ್ತಿಗೆ ಹೋಗಿ ಮಾದಾವರದ ಕಡೆಯ ರೈಲು ಹತ್ತಬೇಕು. ಹೊರಟ ಮೇಲೆ ಮಂತ್ರಿ ಸ್ಕ್ವೇರ್‌ ಎಂದರೆ ಸರಿ, ಚಿಕ್ಕಪೇಟೆ ಎಂದರೆ ತಪ್ಪು.

ಜಯದೇವ ಆಸ್ಪತ್ರೆಗೆ ಹೋಗುವವರ ದಾರಿಯೇ ಬೇರೆ. ಅವರು ಮೆಜೆಸ್ಟಿಕ್‌ನಲ್ಲಿ ಇಳಿಯಲೇಬಾರದು. ಬೋಗಿಯ ಅರ್ಧಕ್ಕರ್ಧ ಜನ ಎದ್ದು ಹೊರಟರೂ ಕುಳಿತೇ ಇದ್ದು, ಅದೇ ಹಸಿರು ರೈಲಿನಲ್ಲಿ ಆರ್‌.ವಿ. ರಸ್ತೆಯವರೆಗೆ ಹೋಗಬೇಕು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಅಲ್ಲಿಂದಲೇ ಹೊರಡುತ್ತದೆ. ಅದು ಆ ಮಾರ್ಗದ ಮೊದಲ ನಿಲ್ದಾಣವಾದ್ದರಿಂದ ದಿಕ್ಕಿನ ಗೊಂದಲವಿಲ್ಲ; ಹೊರಡುವ ರೈಲುಗಳೆಲ್ಲ ಬೊಮ್ಮಸಂದ್ರದ ಕಡೆಗೇ ಹೋಗುತ್ತವೆ, ರಾಗಿಗುಡ್ಡ ಆದ ಮೇಲಿನ ನಿಲ್ದಾಣವೇ ಜಯದೇವ ಆಸ್ಪತ್ರೆ.