ಲಿಸೆ ಉಳಿಯಲಿ, ಪ್ರೆಫೆಕ್ಚರ್ ಹೋಗಲಿ: ಫ್ರೆಂಚ್ ಪದಗಳನ್ನು ಕನ್ನಡಕ್ಕೆ ತರುವ ಬಗೆ

ಫ್ರೆಂಚ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೀರಿ ಎಂದುಕೊಳ್ಳಿ. ಹದಿನೇಳರ ಲೇಲಾ ಪ್ಯಾರಿಸ್‌ನ ಲಿಸೆಯೊಂದರಲ್ಲಿ ಓದುತ್ತಾಳೆ. ಅಲ್ಜೀರಿಯಾದಿಂದ ಬಂದ ಅವಳ ತಾಯಿ ವಾಸದ ಪರವಾನಗಿ ನವೀಕರಿಸಲು ಪ್ರೆಫೆಕ್ಚರ್ ಮುಂದೆ ಬೆಳಗಿನ ಜಾವವೇ ಸಾಲು ಹಿಡಿದಿದ್ದಾಳೆ. ಲಿಸೆ, ಪ್ರೆಫೆಕ್ಚರ್ ಎರಡಕ್ಕೂ ನಮ್ಮಲ್ಲಿ ತಕ್ಕ ಪದವಿಲ್ಲ. ಹಾಗೆಂದು ಎರಡಕ್ಕೂ ಒಂದೇ ಮದ್ದು ಅರೆದರೆ ಒಂದು ಕೆಡುತ್ತದೆ.

ಮೊದಲು ಮಾಡಬೇಕಾದದ್ದು, ಆ ಪದದ ಹಿಂದಿರುವ ವಸ್ತು ಏನೆಂದು ತಿಳಿಯುವುದು. ಲಿಸೆ ಎಂದರೆ ಹದಿನೈದರಿಂದ ಹದಿನೆಂಟರವರೆಗಿನ ಮಕ್ಕಳು ಓದುವ ಮೂರು ವರ್ಷದ ಶಾಲೆ. ನೆಪೋಲಿಯನ್ 1802ರಲ್ಲಿ ಆರಂಭಿಸಿದ ವ್ಯವಸ್ಥೆ ಅದು; ಓದು ಮುಗಿಯುವುದು ಬಾಕಲೋರಿಯಾ ಪರೀಕ್ಷೆಯಲ್ಲಿ. ಇಲ್ಲೊಂದು ಗುಂಡಿಯಿದೆ. ಲಿಸೆಯ ಮೊದಲ ವರ್ಷಕ್ಕೆ ಫ್ರೆಂಚರು ‘ಸೆಗೋಂದ್’, ಅಂದರೆ ಎರಡನೆಯದು ಎನ್ನುತ್ತಾರೆ. ಎರಡನೇ ವರ್ಷಕ್ಕೆ ‘ಪ್ರೆಮಿಯೇರ್’, ಅಂದರೆ ಮೊದಲನೆಯದು. ಅಲ್ಲಿ ತರಗತಿಗಳ ಎಣಿಕೆ ಇಳಿಮುಖ. ಪದದ ಅರ್ಥ ನೋಡಿ ಬರೆದರೆ ಹುಡುಗಿ ಹಿಮ್ಮುಖವಾಗಿ ಪಾಸಾಗುತ್ತಾಳೆ. ಪಾತ್ರದ ವಯಸ್ಸನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪು ತಕ್ಷಣ ಸಿಗುತ್ತದೆ.

ಎರಡನೆಯದಾಗಿ, ಸಿದ್ಧವಾಗಿ ಸಿಗುವ ಕನ್ನಡ ಪದವನ್ನು ಅಲ್ಲಿ ಕೂರಿಸಿ, ಅದು ತನ್ನ ಜೊತೆಗೆ ಏನನ್ನು ಎಳೆದು ತರುತ್ತದೆ ಎಂದು ನೋಡಿ. ‘ಲೇಲಾ ಪಿಯುಸಿ ಓದುತ್ತಿದ್ದಳು’ ಎಂದ ಕೂಡಲೇ ಪಿಸಿಎಂಬಿ, ಸಿಇಟಿ, ಟ್ಯೂಷನ್ ಎಲ್ಲವೂ ಪ್ಯಾರಿಸ್‌ಗೆ ಹೋಗಿ ಇಳಿಯುತ್ತವೆ. ಪಿಯುಸಿ ಎರಡು ವರ್ಷ, ಲಿಸೆ ಮೂರು, ಲೆಕ್ಕವೂ ಕೂಡುವುದಿಲ್ಲ. ಲೇಲಾಳ ಬದುಕೆಲ್ಲ ಆ ಶಾಲೆಯ ಸುತ್ತಲೇ ಸುತ್ತುವುದರಿಂದ ‘ಲಿಸೆ’ಯನ್ನೇ ಉಳಿಸಿಕೊಳ್ಳುವುದು ನನ್ನ ಆಯ್ಕೆ.

ಉಳಿಸಿಕೊಂಡ ಪದವನ್ನು ಕಣ್ಣಿನಿಂದಲ್ಲ, ಕಿವಿಯಿಂದ ಬರೆಯಿರಿ. ಇಂಗ್ಲಿಷ್ ಅಭ್ಯಾಸದಲ್ಲಿ ಓದಿ ‘ಲೈಸಿ’ ಎಂದು ಬರೆಯುವುದುಂಟು, ಅದು ತಪ್ಪು. ಆಮೇಲೆ ವಿಭಕ್ತಿ ಹಚ್ಚಿ ನೋಡಿ. ‘ಲಿಸೇ’ ಎಂದು ಎಳೆದರೆ ಒತ್ತಿ ಹೇಳಿದಂತೆ, ‘ಅವನೇ’, ‘ಇದೇ’ ಎಂಬಂತೆ ಕೇಳುತ್ತದೆ. ‘ಲಿಸೆ’ ಎಂದರೆ ನಮ್ಮ ‘ಮನೆ’ಯ ದಾರಿಯಲ್ಲೇ ನಡೆಯುತ್ತದೆ: ಲಿಸೆಗೆ, ಲಿಸೆಯಲ್ಲಿ, ಲಿಸೆಯಿಂದ. ವಿವರಣೆಯನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಪದ ಮೊದಲು ಬಂದ ಕಡೆ, ವಾಕ್ಯದ ಒಳಗೇ ಒಮ್ಮೆ ಬಿಚ್ಚಿದರೆ ಸಾಕು: ‘ಲೇಲಾಳಿಗೆ ಲಿಸೆಯಲ್ಲಿ ಅದು ಕೊನೆಯ ವರ್ಷ, ಬೇಸಿಗೆಗೆ ಮುಂಚೆ ಬಾಕಲೋರಿಯಾ ಪರೀಕ್ಷೆ.’ ಶಾಲೆ ಯಾವುದು, ಅವಳು ಎಲ್ಲಿದ್ದಾಳೆ ಎರಡೂ ಗೊತ್ತಾಯಿತು.

ಪ್ರೆಫೆಕ್ಚರ್ ಕಥೆ ಬೇರೆ. ಫುಕುಶಿಮಾ ದುರಂತದ ಸುದ್ದಿ ಓದಿದವರಿಗೆ ಪ್ರೆಫೆಕ್ಚರ್ ಎಂದರೆ ಜಪಾನಿನ ಒಂದು ಪ್ರಾಂತ್ಯ. ತಾಯಿ ಇಡೀ ಪ್ರಾಂತ್ಯದ ಮುಂದೆ ಸಾಲು ನಿಲ್ಲುವುದು ಹೇಗೆ? ಫ್ರಾನ್ಸಿನಲ್ಲಿ ಅದು ಸರ್ಕಾರ ನೇಮಿಸಿದ ಪ್ರೆಫೆ ಎಂಬ ಅಧಿಕಾರಿಯ ಕಚೇರಿ. ಆ ಕಚೇರಿಯಿರುವ ಊರಿಗೂ ಅದೇ ಹೆಸರು. ‘ದಿಜೋನ್ ಒಂದು ಪ್ರೆಫೆಕ್ಚರ್’ ಎಂಬಲ್ಲಿ ‘ಜಿಲ್ಲಾ ಕೇಂದ್ರ’ ಎಂದು ಕಣ್ಣುಮುಚ್ಚಿ ಬರೆಯಬಹುದು. ಕಚೇರಿಯ ಅರ್ಥದಲ್ಲಿ ‘ಡಿಸಿ ಆಫೀಸು’ ಎನ್ನಲು ಕೈ ತುರಿಸುತ್ತದೆ; ಆದರೆ ಅದರ ಹಿಂದೆಯೇ ಪಹಣಿ, ತಹಶೀಲ್ದಾರರು ಬರುತ್ತಾರೆ, ಪ್ರೆಫೆಗೆ ಆ ಕೆಲಸವೇ ಇಲ್ಲ.

ಪ್ಯಾರಿಸ್‌ನಲ್ಲಿ ಇನ್ನೊಂದು ತೊಡಕು. ಅಲ್ಲಿ ವಿದೇಶಿಯರ ವಾಸದ ಪರವಾನಗಿ ನೋಡಿಕೊಳ್ಳುವುದು ‘ಪೊಲೀಸ್ ಪ್ರೆಫೆಕ್ಚರ್’. ನನ್ನ ಒಂದು ಕರಡಿನಲ್ಲಿ ಇಂಥದೇ ಸಾಲನ್ನು ‘ಪೊಲೀಸ್ ಪ್ರಧಾನ ಕಚೇರಿ’ ಎಂದು ಬರೆದಿದ್ದೆ. ಓದಿದ ಗೆಳತಿ ಕೇಳಿದ್ದು ಒಂದೇ ಪ್ರಶ್ನೆ: ‘ಆ ಹೆಂಗಸು ಏನು ಅಪರಾಧ ಮಾಡಿದ್ದಾಳೆ?’

ಈ ವಾಕ್ಯದಲ್ಲಿ ಆ ಪದ ಮಾಡುತ್ತಿರುವ ಕೆಲಸವೇನು? ಕಾಗದಕ್ಕಾಗಿ ಕಾಯುವ ಜಾಗ ತೋರಿಸುವುದು, ಅಷ್ಟೆ. ಹಾಗಾಗಿ ಹೆಸರು ಬಿಟ್ಟು ಕೆಲಸವನ್ನೇ ಬರೆಯಬಹುದು: ‘ಪರವಾನಗಿ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅಮ್ಮ ಸಾಲಿನಲ್ಲಿದ್ದಳು.’ ಮುಂದೆ ಪ್ರೆಫೆಯೇ ಪಾತ್ರವಾಗಿ ಬಂದು ಆದೇಶ ಹೊರಡಿಸಿದರೆ ಈ ಉಪಾಯ ನಡೆಯದು; ಆಗ ಪದ ಉಳಿಸಿ, ವಿವರಣೆ ಸೇರಿಸಲೇಬೇಕು. ಆದ್ದರಿಂದ ಪುಸ್ತಕ ಪೂರ್ತಿ ಓದುವ ಮುನ್ನ ಯಾವ ಪದವನ್ನೂ ಕಿತ್ತುಹಾಕಬೇಡಿ.

ಲೇಲಾಳ ತಮ್ಮನಿಗೆ ಹನ್ನೊಂದು ವರ್ಷ. ಅವನು ಈ ವರ್ಷ ‘ಕೊಲೇಜ್’ ಸೇರಿದನೆಂದು ಮೂಲದಲ್ಲಿದೆ. ಅದನ್ನು ಕಾಲೇಜು ಎಂದು ಬರೆದೀರಿ, ಜೋಕೆ. ಅದು ಹನ್ನೊಂದರಿಂದ ಹದಿನೈದರವರೆಗಿನ ಮಕ್ಕಳ ಮಾಧ್ಯಮಿಕ ಶಾಲೆ.