ಟರ್ನ್‌ಟೇಬಲ್‌ನ ಐದನೆಯ ತಂತಿ

ನನ್ನ ಬಳಿಯಿರುವ ಹಳೆಯ ಟರ್ನ್‌ಟೇಬಲ್‌ನಲ್ಲಿ ತಟ್ಟೆ ತಿರುಗದಿದ್ದಾಗಲೂ ಎರಡೂ ಸ್ಪೀಕರ್‌ಗಳಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ರೆಕಾರ್ಡಿನ ಮೇಲೆ ಮುಳ್ಳನ್ನು ಹಿಡಿಯುವ ತೋಳಾದ ಟೋನ್‌ಆರ್ಮ್‌ನ ಲೋಹದ ಕೊಳವೆಗೆ ಬೆರಳು ತಾಗಿಸಿದೊಡನೆ ಅದರ ಮಟ್ಟ ಬದಲಾಗುತ್ತಿದ್ದುದರಿಂದ, ಆ ಕೊಳವೆ ಗ್ರೌಂಡ್‌ಗೆ ಸೇರಿಲ್ಲವೆಂಬ ಅನುಮಾನ ಮೂಡಿತು.

ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಕಾರ್ಟ್ರಿಜ್‌ನಿಂದ ನಾಲ್ಕು ತಂತಿಗಳು ಹೊರಡುತ್ತವೆ. ಬಿಳಿ ಮತ್ತು ನೀಲಿ ಎಡ ಚಾನೆಲ್‌ಗೆ, ಕೆಂಪು ಮತ್ತು ಹಸಿರು ಬಲ ಚಾನೆಲ್‌ಗೆ. ಇವು ಆರ್‌ಸಿಎ ಕೇಬಲ್‌ಗಳ ನಡುತಂತಿ ಮತ್ತು ಹೊರಜಾಲರಿಯ ಮೂಲಕ ಆಂಪ್ಲಿಫೈಯರ್ ತಲುಪುತ್ತವೆ. ಟೋನ್‌ಆರ್ಮ್ ಮತ್ತು ಲೋಹದ ತಳಭಾಗ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಯಾವುದಕ್ಕೂ ಸೇರಿರುವುದಿಲ್ಲ. ಅವುಗಳಿಗಿರುವ ಏಕೈಕ ದಾರಿ ಐದನೆಯ ಆ ಸಣ್ಣ ಗ್ರೌಂಡ್ ತಂತಿ. ಅದು ತುಂಡಾದರೆ, ಒಳಗಿನ ತಂತಿಗಳನ್ನು ಕವಚದಂತೆ ಕಾಯಬೇಕಾದ ಕೊಳವೆಯೇ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಹಿಡಿದು ಅವುಗಳಿಗೆ ದಾಟಿಸುತ್ತದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಆಂಪ್ಲಿಫೈಯರ್‌ನ ಫೋನೋ ಹಂತ ಅದನ್ನು 1000 ಹರ್ಟ್ಸ್‌ನಲ್ಲಿ ಸುಮಾರು 100 ಪಟ್ಟು ಹಿಗ್ಗಿಸಿದರೆ, ರೆಕಾರ್ಡಿನಲ್ಲಿ ತಗ್ಗಿಸಿ ಕೊರೆದ ಕೆಳಸ್ವರಗಳನ್ನು ಮತ್ತೆ ಎತ್ತುವ ಆರ್‌ಐಎಎ ತಿದ್ದುಪಡಿಯ ಕಾರಣ 50 ಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ 700 ಪಟ್ಟು ಹಿಗ್ಗಿಸುತ್ತದೆ. ನಮ್ಮ ಮನೆಗಳ ವಿದ್ಯುತ್ತಿನ ಆವರ್ತನವೂ 50 ಹರ್ಟ್ಸ್ ಆಗಿರುವುದರಿಂದ ಟೇಪ್ ಅಥವಾ ಸಿಡಿ ಪ್ಲೇಯರ್‌ನಲ್ಲಿ ಕೇಳಿಸದಷ್ಟು ಚಿಕ್ಕ ತೊಂದರೆಯೂ ಇಲ್ಲಿ ಎದ್ದು ಕೇಳಿಸುತ್ತದೆ.

ಟರ್ನ್‌ಟೇಬಲ್‌ನ ವಿದ್ಯುತ್ ಪ್ಲಗ್ ಕಿತ್ತು, ಎಲ್ಲ ಕೇಬಲ್‌ಗಳನ್ನೂ ಆಂಪ್ಲಿಫೈಯರ್‌ನಿಂದ ಬಿಡಿಸಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಬಣ್ಣವಿಲ್ಲದ ಕಡೆ ಟೋನ್‌ಆರ್ಮ್‌ಗೂ ಇನ್ನೊಂದನ್ನು ಗ್ರೌಂಡ್ ತಂತಿಯ ತುದಿಯಲ್ಲಿರುವ ಕವಲುಕೊಂಡಿಗೂ ಹಿಡಿದೆ. ಒಂದೆರಡು ಓಮ್‌ಗಿಂತ ಹೆಚ್ಚು ಬರಬಾರದಾಗಿದ್ದಲ್ಲಿ ಸಂಪರ್ಕವೇ ಇರಲಿಲ್ಲ. ಹೊರಗೆ ನೆಟ್ಟಗಿದ್ದ ತಂತಿ, ಕೊಂಡಿಯ ಬುಡದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಳಗೆ ತುಂಡಾಗಿತ್ತು. ಅಷ್ಟು ಭಾಗವನ್ನು ಕತ್ತರಿಸಿ, ಹೊಸ ಕೊಂಡಿಗೆ ಬೆಸುಗೆ ಹಾಕಿ, ಫೋನೋ ಸಾಕೆಟ್‌ಗಳ ಪಕ್ಕದ ಜಿಎನ್‌ಡಿ ತಿರುಪಿಗೆ ಬಿಗಿದೆ. ಗೋಡೆಯ ಪ್ಲಗ್ಗಿನ ಅರ್ಥಿಂಗ್‌ಗೆ ಇದನ್ನು ಜೋಡಿಸಕೂಡದು. ಗ್ರೌಂಡ್‌ಗೆ ಎರಡು ದಾರಿಗಳಾದರೆ ಅವುಗಳ ನಡುವಿನ ಸುತ್ತಿನಲ್ಲಿ ಪ್ರವಾಹ ಹರಿದು ಹೊಸದೊಂದು ಗುಂಯ್‌ಗುಡುವಿಕೆ ಶುರುವಾಗಬಹುದು.

ಅದೇ ಕಾರಣಕ್ಕೆ, ಗ್ರೌಂಡ್ ಕೊಂಡಿಗೂ ಎರಡೂ ಆರ್‌ಸಿಎ ಪ್ಲಗ್‌ಗಳ ಹೊರಬಳೆಗಳಿಗೂ ನಡುವೆ ಸಂಪರ್ಕವಿದೆಯೇ ಎಂಬುದನ್ನೂ ಅಳೆದೆ. ಎಡಗಡೆ ಇರಲಿಲ್ಲ, ಬಲಗಡೆ ಇತ್ತು. ಕೆಲವು ಕಾರ್ಟ್ರಿಜ್‌ಗಳಲ್ಲಿ ಹಸಿರು ತಂತಿಯ ಪಿನ್ನಿನಿಂದ ಲೋಹದ ಮೈಗೆ ಸಣ್ಣ ಪಟ್ಟಿಯೊಂದಿರುತ್ತದೆ. ನನ್ನದರಲ್ಲೂ ಅದೇ ಇತ್ತು. ಗ್ರೌಂಡ್ ತಂತಿ ಸರಿಯಾದ ಮೇಲೂ ಬಲ ಸ್ಪೀಕರ್‌ನಲ್ಲಿ ತೆಳುವಾದ ಸದ್ದು ಉಳಿದಿದ್ದರಿಂದ ಆ ಪಟ್ಟಿಯನ್ನು ಚಿಮಟದಿಂದ ಮೆಲ್ಲನೆ ಎಳೆದು ತೆಗೆದೆ. ಈಗ ಮಾಮೂಲಿಗಿಂತ ಬಹಳ ಮೇಲಕ್ಕೆ ವಾಲ್ಯೂಮ್ ಏರಿಸಿದರೆ ಮಾತ್ರ, ಎರಡೂ ಕಡೆ ಸಮನಾಗಿ, ಆಂಪ್ಲಿಫೈಯರ್‌ನದೇ ಆದ ಸುಯ್ ಎಂಬ ಸದ್ದು ಕೇಳಿಸುತ್ತದೆ.