ರೋಗ ಹೊತ್ತು ತಿರುಗುವ ಕತ್ತರಿ: ದಾಳಿಂಬೆ ಚಾಟನಿಯಲ್ಲಿ ಅಲಗು ತೊಳೆಯುವುದು, ಓರೆ ನೋಡಿ ಕತ್ತರಿಸುವುದು

ನಮ್ಮ ತೋಟದಲ್ಲಿ ಒಂದು ವರ್ಷ ಅಂಗಮಾರಿ ವಿಚಿತ್ರವಾಗಿ ಬಂತು. ಅಲ್ಲೊಂದು ಇಲ್ಲೊಂದು ಗಿಡಕ್ಕಲ್ಲ, ಒಂದೇ ಸಾಲಿನಲ್ಲಿ ಹನ್ನೊಂದು ಗಿಡಗಳಿಗೆ, ಒಂದರ ಹಿಂದೆ ಒಂದಕ್ಕೆ. ಪಕ್ಕದ ಸಾಲು ಹಸಿರಾಗಿಯೇ ಇತ್ತು. ಗಾಳಿ ಮಳೆಯಿಂದ ಬಂದ ರೋಗ ಹೀಗೆ ಗೆರೆ ಎಳೆದಂತೆ ಹೋಗುವುದಿಲ್ಲ, ಅಲ್ವಾ? ಆಮೇಲೆ ನೆನಪಿಸಿಕೊಂಡರೆ, ಚಾಟನಿಗೆ ಬಂದ ಆಳೊಬ್ಬರು ಹಿಂದಿನ ದಿನ ಬೇರೊಂದು ತೋಟದಲ್ಲಿ ಕೆಲಸ ಮಾಡಿ, ಅದೇ ಕತ್ತರಿ ಹಿಡಿದು ಬೆಳಿಗ್ಗೆ ಆ ಸಾಲಿನಿಂದಲೇ ಶುರು ಮಾಡಿದ್ದರು. ಅವರ ತಪ್ಪೇನಿಲ್ಲ. ಕತ್ತರಿ ತೊಳೆಯಿರಿ ಎಂದು ನಾನು ಹೇಳಿರಲಿಲ್ಲ, ತೊಳೆಯಲು ಏನನ್ನೂ ಇಟ್ಟಿರಲಿಲ್ಲ.

ದಾಳಿಂಬೆಯ ದುಂಡಾಣು ಅಂಗಮಾರಿಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ದೆಹಲಿಯಲ್ಲಿ. ಈಗ ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಬೆಳೆಗಾರರಿಗೆ ಅದರ ಪರಿಚಯ ಹೇಳಬೇಕಿಲ್ಲ. ದುಂಡಾಣು ಗಿಡದೊಳಗೆ ಹೋಗುವುದು ಎಲೆಯ ಸಣ್ಣ ರಂಧ್ರಗಳಿಂದ, ಇಲ್ಲವೇ ಗಾಯದಿಂದ. ಚಾಟನಿ ಎಂದರೆ ಒಂದೊಂದು ಗಿಡಕ್ಕೂ ಹತ್ತಾರು ಹಸಿ ಗಾಯ. ರೋಗದ ಗಿಡದ ರಸ ಅಂಟಿದ ಅಲಗು ಮುಂದಿನ ಗಿಡಕ್ಕೆ ಹೋದರೆ, ದುಂಡಾಣುವನ್ನು ನಾವೇ ಗಾಯದೊಳಗೆ ಇಟ್ಟ ಹಾಗೆ.

ಕತ್ತರಿ ಹಿಡಿಯುವ ಮೊದಲು ಸಾಲು ಸುತ್ತಿ

ಚಾಟನಿಯ ಹಿಂದಿನ ದಿನ ತೋಟವನ್ನು ನಿಧಾನವಾಗಿ ಒಮ್ಮೆ ಸುತ್ತಿ. ಅನುಮಾನದ ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ. ಅಂಗಮಾರಿಯ ಚುಕ್ಕೆ ಎಣ್ಣೆ ಬಿದ್ದ ಕಾಗದದಂತೆ ನೀರು ನೀರಾಗಿ, ಬೆಳಕು ಹಾಯುವಂತೆ ಕಾಣುತ್ತದೆ. ಹಳೆಯದಾದ ಮೇಲೆ ನಡುವೆ ಕಪ್ಪಾಗಿ, ಸುತ್ತ ಹಳದಿ ಬಳೆ ಕಟ್ಟುತ್ತದೆ. ಎಲೆಗಿಂತ ಮುಖ್ಯವಾಗಿ ಗಿಣ್ಣು ನೋಡಿ. ಗಿಣ್ಣಿನ ಸುತ್ತ ಕಪ್ಪಾಗಿ, ತೊಗಟೆ ಸೀಳಿದ್ದರೆ, ಬಗ್ಗಿಸಿದಾಗ ರೆಂಬೆ ಅಲ್ಲೇ ಮುರಿದರೆ, ಅದು ಕತ್ತರಿಗೆ ಅತಿ ಅಪಾಯದ ಜಾಗ. ಚಾಟನಿಯಲ್ಲಿ ಅಲಗು ತಾಕುವುದು ಎಲೆಗಿಂತ ಹೆಚ್ಚಾಗಿ ರೆಂಬೆಗೇ.

ಅಂಥ ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿ. ಮರುದಿನ ಬಟ್ಟೆ ಇಲ್ಲದ ಗಿಡಗಳನ್ನೆಲ್ಲ ಮೊದಲು ಮುಗಿಸಿ, ಬಟ್ಟೆ ಕಟ್ಟಿದವಕ್ಕೆ ಕೊನೆಯಲ್ಲಿ ಹೋಗಬೇಕು. ಇಬ್ಬನಿ ಆರುವ ತನಕ ಯಾರೂ ಕತ್ತರಿ ಮುಟ್ಟಬಾರದು. ಒದ್ದೆ ಗಿಡದಲ್ಲಿ ದುಂಡಾಣು ನೀರಿನ ಜೊತೆ ಕೈಗೆ, ಬಟ್ಟೆಗೆ, ಅಲಗಿಗೆ ಸುಲಭವಾಗಿ ಅಂಟುತ್ತದೆ.

ತೊಳೆಯುವ ನೀರು ಮಾಡುವುದು

ದಾಳಿಂಬೆ ಚಾಟನಿಗೆ ಸಾಮಾನ್ಯವಾಗಿ ಹೇಳುವ ಮದ್ದು ಶೇ 2.5ರ ಸೋಡಿಯಂ ಹೈಪೋಕ್ಲೋರೈಟ್. ಅಂಗಡಿಯಲ್ಲಿ ಕ್ಯಾನ್‌ನಲ್ಲಿ ಸಿಗುವುದು ಹೆಚ್ಚಾಗಿ ಶೇ 10ರ ಆಸುಪಾಸಿನದು. ಶೇ 10 ಎಂದಿದ್ದರೆ ಒಂದು ಪಾಲಿಗೆ ಮೂರು ಪಾಲು ನೀರು. ಅಂದರೆ ಅರ್ಧ ಲೀಟರ್ ಮದ್ದಿಗೆ ಒಂದೂವರೆ ಲೀಟರ್ ನೀರು ಹಾಕಿದರೆ ಎರಡು ಲೀಟರ್ ಆಗುತ್ತದೆ. ಶೇ 5ರದ್ದಾದರೆ ಸಮ ಸಮ. ಲೇಬಲ್‌ನಲ್ಲಿ ಶೇಕಡಾ ಎಷ್ಟು, ತಯಾರಾದ ತಿಂಗಳು ಯಾವುದು ಎಂದು ಓದಲೇಬೇಕು. ಈ ಮದ್ದು ಇಟ್ಟಲ್ಲೇ ಬಲ ಕಳೆದುಕೊಳ್ಳುತ್ತದೆ. ಬಿಸಿಲು, ಸೆಕೆ ತಾಗಿದರೆ ಇನ್ನೂ ಬೇಗ. ಹೋದ ವರ್ಷದ ಉಳಿದ ಕ್ಯಾನ್ ನಂಬಬೇಡಿ.

ಪ್ಲಾಸ್ಟಿಕ್ ಪಾತ್ರೆಯಲ್ಲೇ, ಬಯಲಲ್ಲಿ, ಕೈಗೆ ಗ್ಲೌಸ್ ಹಾಕಿಕೊಂಡು ಕಲಸಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಇದ್ದ ಬಕೆಟ್ ತರಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಉಸಿರು ಕಟ್ಟುತ್ತದೆ.

ಬಹಳ ಜನ ಎಡವುವುದು ಇನ್ನೊಂದು ಕಡೆ. ಅಲಗಿನ ಮೇಲೆ ರಸ ಒಣಗಿ ಕಂದು ಪದರ ಕಟ್ಟಿರುತ್ತದೆ. ಹಾಗೇ ಅದ್ದಿದರೆ ಮದ್ದಿನ ಬಲವೆಲ್ಲ ಆ ಕೊಳೆಯ ಮೇಲೆ ಖರ್ಚಾಗುತ್ತದೆ, ಪದರದ ಅಡಿಯ ದುಂಡಾಣು ಬದುಕುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒರೆಸಿ ಹೋಗದಿದ್ದರೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಬೇಕು. ಅಲಗು ಮಡಚುವ ತಿರುಪಿನ ಸಂದನ್ನಂತೂ ಬಿಡಲೇಬಾರದು, ರಸ ಸೇರಿ ಕೂರುವುದು ಅಲ್ಲೇ. ಆಮೇಲೆ ಅದ್ದುವುದು. ಅದ್ದಿ ತಕ್ಷಣ ತೆಗೆದರೆ ಸಾಲದು, ಅರ್ಧ ನಿಮಿಷದಿಂದ ಒಂದು ನಿಮಿಷ ಅಲಗು ಮುಳುಗಿರಬೇಕು.

ಇಷ್ಟು ಹೊತ್ತು ಯಾರು ಕಾಯುತ್ತಾರೆ ಎನ್ನುತ್ತೀರಿ. ಅದಕ್ಕೇ ಪ್ರತಿಯೊಬ್ಬರಿಗೆ ಎರಡು ಕತ್ತರಿ ಬೇಕು. ಒಂದು ಕೈಯಲ್ಲಿ, ಇನ್ನೊಂದು ಮದ್ದಿನ ಡಬ್ಬಿಯಲ್ಲಿ. ಗಿಡ ಮುಗಿಯಿತು, ಕೈಯಲ್ಲಿದ್ದದ್ದನ್ನು ಒರೆಸಿ ಡಬ್ಬಿಗೆ ಹಾಕಿ, ಅಲ್ಲಿದ್ದದ್ದನ್ನು ಎತ್ತಿಕೊಳ್ಳಿ. ಒಂದು ಗಿಡ ಸವರುವಷ್ಟು ಹೊತ್ತು ಕತ್ತರಿ ಮುಳುಗಿಯೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. 4.5 ಮೀಟರ್‌ಗೆ 3 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 300 ಗಿಡ. ಕತ್ತರಿ ಒರೆಸಿ ಬದಲಿಸಲು ಹತ್ತು ಸೆಕೆಂಡ್ ಎಂದರೆ ಎಕರೆಗೆ 3000 ಸೆಕೆಂಡ್, ಅಂದರೆ 50 ನಿಮಿಷ. ಮೂವರು ಆಳಿಗೆ ಹಂಚಿದರೆ ತಲೆಗೆ 17 ನಿಮಿಷವೂ ಆಗುವುದಿಲ್ಲ. ಒಂದು ಚಹಾದ ಹೊತ್ತು. ನಾನು ಕೂಲಿಯವರ ಮುಂದೆ ಈ ಲೆಕ್ಕವನ್ನೇ ಇಡುತ್ತೇನೆ. ಆ 17 ನಿಮಿಷಕ್ಕೂ ಕೂಲಿ ಇದೆ ಎಂದು ಬಾಯಿಬಿಟ್ಟು ಹೇಳುತ್ತೇನೆ. ಗಿಡದ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟು, ಜೊತೆಗೆ ಕತ್ತರಿಯನ್ನೂ ತೊಳೆಯಿರಿ ಎಂದರೆ ಯಾರು ತೊಳೆಯುತ್ತಾರೆ?

ಡಬ್ಬಿಯ ನೀರು ಕಂದಾದರೆ ಚೆಲ್ಲಿ ಹೊಸದು ಮಾಡಿ. ಕಂದಾಗದಿದ್ದರೂ ಎರಡು ಗಂಟೆಗೊಮ್ಮೆ ಬದಲಿಸುವುದು ಒಳ್ಳೆಯದು. ಡಬ್ಬಿಯನ್ನು ನೆರಳಲ್ಲಿ, ಮುಚ್ಚಳ ಹಾಕಿ ಇಡಿ.

ಮನೆ ಮುಂದೆ ನಾಲ್ಕೈದು ಗಿಡ ಇರುವವರಿಗೆ ಇಷ್ಟೆಲ್ಲ ಬೇಡ. ಶೇ 70ರ ಸ್ಪಿರಿಟ್ ಹತ್ತಿಯಲ್ಲಿ ಅದ್ದಿ ಅಲಗಿನ ಎರಡೂ ಬದಿ ಚೆನ್ನಾಗಿ ಒದ್ದೆಯಾಗುವಂತೆ ಒರೆಸಿ, ತಾನಾಗಿ ಆರಲು ಬಿಡಿ. ಅದು ಕಬ್ಬಿಣ ತಿನ್ನುವುದಿಲ್ಲ. ಬೆಂಕಿಯಿಂದ ಮಾತ್ರ ದೂರ ಇಡಿ.

ಓರೆ ಎಷ್ಟು?

ಸಿಕ್ಕಸಿಕ್ಕಲ್ಲಿ ಕೇಳುವ ಮಾತು ಒಂದೇ: 45 ಡಿಗ್ರಿ ಓರೆಯಾಗಿ ಕತ್ತರಿಸಿ. ಗುಲಾಬಿಗೆ ಅದು ಸರಿ. ಗುಲಾಬಿಯಲ್ಲಿ ಒಂದು ಜಾಗದಲ್ಲಿ ಒಂದೇ ಕಣ್ಣು ಇರುತ್ತದೆ. ಆ ಕಣ್ಣಿನಿಂದ ಸುಮಾರು ಅರ್ಧ ಸೆಂಟಿಮೀಟರ್ ಮೇಲೆ, ನೀರು ಕಣ್ಣಿನ ಹಿಂಬದಿಗೆ ಜಾರುವಂತೆ ಓರೆ ಕೊಡುತ್ತೇವೆ.

ದಾಳಿಂಬೆಯ ಹೊಸ ರೆಂಬೆ ನೋಡಿ. ಎಲೆಗಳು ಹೆಚ್ಚಾಗಿ ಎದುರು ಬದುರು ಜೋಡಿಯಾಗಿರುತ್ತವೆ. ಆದ್ದರಿಂದ ಕಣ್ಣುಗಳೂ ಜೋಡಿ. ಇಲ್ಲಿ 45 ಡಿಗ್ರಿ ಓರೆ ಕೊಟ್ಟರೆ ಎತ್ತರದ ಬದಿಯ ಕಣ್ಣಿನ ಮೇಲೆ ಉದ್ದ ಮೊಂಡು ಉಳಿಯುತ್ತದೆ, ತಗ್ಗಿನ ಬದಿಯ ಕಣ್ಣಿಗೆ ಗಾಯ ತೀರಾ ಹತ್ತಿರವಾಗಿ ಅದು ಒಣಗುತ್ತದೆ. ಜೋಡಿ ಕಣ್ಣಿದ್ದಲ್ಲಿ ಅರ್ಧ ಸೆಂಟಿಮೀಟರ್ ಮೇಲೆ ನೇರ ಅಡ್ಡ ಕತ್ತರಿಸಿ. ಚಿಗುರು ಹೊರಗೆ ಮಾತ್ರ ಹೋಗಬೇಕೆಂದರೆ ಒಳಬದಿಯ ಕಣ್ಣನ್ನು ಬೆರಳಲ್ಲಿ ಉಜ್ಜಿ ತೆಗೆಯಿರಿ. ಕಣ್ಣುಗಳು ಸ್ವಲ್ಪ ಮೇಲೆ ಕೆಳಗೆ ಇದ್ದರೆ, ಹೊರಮುಖದ ಕಣ್ಣನ್ನು ಉಳಿಸಿಕೊಂಡು ಸಣ್ಣ ಓರೆ ಕೊಡಿ.

ಓರೆ ಜಾಸ್ತಿಯಾದರೆ ಗಾಯವೂ ದೊಡ್ಡದು. ನೇರ ಕತ್ತರಿಸಿದ ಗಾಯದ ಅಗಲ ಒಂದು ಎಂದಿಟ್ಟುಕೊಳ್ಳಿ. 30 ಡಿಗ್ರಿ ಓರೆಗೆ ಅದು 1.15 ಆಗುತ್ತದೆ. 45ಕ್ಕೆ 1.4. 60ಕ್ಕೆ ಸರಿಯಾಗಿ ಎರಡರಷ್ಟು. ಅಂಗಮಾರಿ ಇರುವ ತೋಟದಲ್ಲಿ ಸುಮ್ನೆ ಚೂಪಾಗಿ ಕತ್ತರಿಸಿದರೆ ದುಂಡಾಣುವಿಗೆ ಬಾಗಿಲು ಎರಡು ಪಟ್ಟು ತೆರೆದಂತೆ.

ಕತ್ತರಿ ಹಿಡಿಯುವ ಬಗೆಯೂ ಇಲ್ಲಿ ಸೇರುತ್ತದೆ. ನಮ್ಮ ಕತ್ತರಿಗೆ ಒಂದು ಬದಿ ತೆಳು ಅಲಗು, ಇನ್ನೊಂದು ಬದಿ ದಪ್ಪ ಕೊಕ್ಕೆ. ತೆಳು ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆ ಇರಬೇಕು, ಕೊಕ್ಕೆ ಬೀಳುವ ತುಂಡಿನ ಕಡೆ. ತಿರುಗಾಮುರುಗಾ ಹಿಡಿದರೆ ಉಳಿಯುವ ರೆಂಬೆಯ ತೊಗಟೆ ಜಜ್ಜಿಹೋಗುತ್ತದೆ. ಕತ್ತರಿಸಿದ ಜಾಗವನ್ನು ಬೆರಳಿಂದ ಸವರಿ ನೋಡಿ. ನಯವಾಗಿದ್ದರೆ ಸರಿ. ತೊಗಟೆಯ ಎಳೆ ಜೋತಾಡುತ್ತಿದ್ದರೆ ಅಲಗು ಮೊಂಡಾಗಿದೆ, ಇಲ್ಲವೇ ಹಿಡಿತ ತಪ್ಪಾಗಿದೆ.

ದಪ್ಪ ರೆಂಬೆಯನ್ನು ಬುಡದಿಂದ ತೆಗೆಯುವಾಗ ಲೆಕ್ಕ ಬೇರೆ. ರೆಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರದಂಥ ಜಾಗ ಇರುತ್ತದೆ. ಗಾಯ ಮುಚ್ಚುವ ಹೊಸ ತೊಗಟೆ ಅಲ್ಲಿಂದಲೇ ಬೆಳೆಯುತ್ತದೆ. ಆ ಉಬ್ಬಿಗೆ ತಾಗದಂತೆ, ಅದರ ಹೊರಗೆ ಕತ್ತರಿಸಿ. ಕಾಂಡಕ್ಕೆ ಒತ್ತಿ ಸಪಾಟು ಮಾಡಿದರೆ ಉಂಗುರ ಹೋಗುತ್ತದೆ. ಎರಡಿಂಚು ಮೊಂಡು ಬಿಟ್ಟರೆ ಅದು ಒಣಗಿ ಕಾಂಡದ ಕಡೆಗೆ ಕೊಳೆಯುತ್ತದೆ.

ಬಟ್ಟೆ ಕಟ್ಟಿದ ಗಿಡದಲ್ಲಿ

ಕೊನೆಯಲ್ಲಿ ರೋಗದ ಗಿಡಗಳಿಗೆ ಬನ್ನಿ. ಅದೇ ಗಿಡದ ಚೆನ್ನಾಗಿರುವ ರೆಂಬೆಗಳನ್ನು ಮೊದಲು ಸವರಿ. ಆಮೇಲೆ ಕಪ್ಪಾದ ಗಿಣ್ಣಿನಿಂದ ಎರಡಿಂಚು ಕೆಳಗೆ, ಆರೋಗ್ಯವಾಗಿರುವ ಭಾಗದಲ್ಲಿ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಕಂದು ಕಲೆ ಕಂಡರೆ ಇನ್ನೂ ಕೆಳಗೆ ಹೋಗಬೇಕು, ಹೋಗುವ ಮೊದಲು ಕತ್ತರಿ ಬದಲಿಸಬೇಕು. ಇಲ್ಲಿ ಗಿಡಕ್ಕೊಮ್ಮೆ ಅಲ್ಲ, ರೋಗದ ರೆಂಬೆಗೊಮ್ಮೆ ಅದ್ದುವುದು. ತುಂಡುಗಳನ್ನು ನೆಲಕ್ಕೆ ಹಾಕದೆ ನೇರ ಚೀಲಕ್ಕೆ ಹಾಕಿ, ತೋಟದ ಹೊರಗೆ ಸುಡಿ.

ಗಾಯಗಳಿಗೆ ಅದೇ ದಿನ ಬೋರ್ಡೋ ಮುಲಾಮು ಹಚ್ಚಿ. ನೂರು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, ನೂರು ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರು ಆರಿದ ಮೇಲೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸೇರಿಸಿ. ಹೊಳೆಯುವ ಚಾಕು ಒಂದು ನಿಮಿಷ ಅದ್ದಿ ನೋಡಿ. ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ.

ಸಂಜೆ ಕತ್ತರಿಗಳನ್ನು ಒಳ್ಳೆ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ತಿರುಪಿಗೂ ಅಲಗಿಗೂ ಮಷಿನ್ ಎಣ್ಣೆ ಹಚ್ಚಿಡಿ. ಹೈಪೋಕ್ಲೋರೈಟ್ ಹಾಗೇ ಉಳಿದರೆ ರಾತ್ರಿ ಕಳೆಯುವುದರಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕಿನ ಗುಳಿಯಲ್ಲಿ ಕೂತ ರಸವನ್ನು ಯಾವ ಬ್ರಷ್ಷೂ ತೆಗೆಯುವುದಿಲ್ಲ.

ಯಾವ ಸಾಲನ್ನು ಯಾರು, ಯಾವ ಕಡೆಯಿಂದ ಶುರು ಮಾಡಿ ಸವರಿದರು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಹೊಸ ಚಿಗುರು ಬಲಿಯುವ ಹೊತ್ತಿಗೆ ಆ ಚೀಟಿ ಹಿಡಿದು ಅದೇ ದಾರಿಯಲ್ಲಿ ನಡೆಯಿರಿ. ಚುಕ್ಕೆ ಬಂದ ಗಿಡಗಳು ಚದುರಿದ್ದರೆ ಅದು ಗಾಳಿ ಮಳೆಯ ಕೆಲಸ ಇರಬಹುದು. ಒಬ್ಬರು ನಡೆದ ದಾರಿಯಲ್ಲೇ ಒಂದರ ಹಿಂದೆ ಒಂದು ಬಂದಿದ್ದರೆ, ಮೊದಲು ಆ ಡಬ್ಬಿ, ಆ ಕತ್ತರಿ, ಆ ದಿನದ ಮದ್ದಿನ ಅಳತೆ ನೋಡಿ.